ಅಡ್ವಾನ್ಸ್ ಎಷ್ಟು, ಡೆಲಿವರಿ ಯಾವತ್ತು

"ಚಿಗವ್ವ, ಅಡ್ವಾನ್ಸ್ ಕೇಳಿದರೆ ಗಿರಾಕಿ ಮುಖ ಸಣ್ಣದು ಮಾಡುತ್ತಾರೆ. ಕೇಳದಿದ್ದರೆ ಹೊಲಿದ ಬ್ಲೌಸ್ ಒಯ್ಯುವುದಕ್ಕೇ ಬರುವುದಿಲ್ಲ. ಎಷ್ಟು ಇಸಿದುಕೊಳ್ಳಲಿ? ತಾರೀಖು ಹೇಗೆ ಹೇಳಲಿ?"

ಕೇಳವ್ವಾ, ಸ್ವಲ್ಪ ಉದ್ದ ಆಗುತ್ತದೆ, ರೊಟ್ಟಿ ಬಡಿಯುತ್ತಾ ಕೇಳು. ಸಾದಾ ಬ್ಲೌಸಿನದು ದೊಡ್ಡ ಮಾತಲ್ಲ. ಕೈ ಸುಡುವುದು ಮದುವೆಯ ಆರಿ ವರ್ಕ್ ಬ್ಲೌಸಿನಲ್ಲಿ. ಅದನ್ನೇ ಹೇಳುತ್ತೇನೆ.

ಹೊಲಿಗೆ ಕೂಲಿ 500, ವರ್ಕಿಗೆ 1500, ಒಟ್ಟು 2000 ಅಂತ ಇಟ್ಟುಕೋ. ಗಿರಾಕಿ ಮತ್ತೆ ಬರುವ ಮೊದಲೇ ನಿನ್ನ ಕೈಯಿಂದ ಹೋಗುವುದು ಎಷ್ಟು? ವರ್ಕಿನವನು ಅರ್ಧ ಮೊದಲೇ ಕೇಳಿದರೆ 750. ಲೈನಿಂಗ್, ಪೈಪಿಂಗ್, ಹುಕ್ಕು, ಲಟಕನ್ ಎಲ್ಲ ಸೇರಿ 150 ಹಿಡಿ. 900 ಆಯಿತು ಅಲ್ವಾ? ನೀನು 500 ಇಸಿದುಕೊಂಡು ಸುಮ್ನೆ ಕೂತರೆ ಉಳಿದ 400 ನಿನ್ನ ಗಂಟಿನಿಂದಲೇ. ಅದಕ್ಕೇ ಅರ್ಧ, ಅಂದರೆ 1000 ಕೇಳು. ಯಾಕೆ ಅಂತ ಕೇಳಿದರೆ ಈ ಲೆಕ್ಕವನ್ನೇ ಹೇಳು, ಮುಖ ಸಣ್ಣದು ಮಾಡುವವರು ಕಡಿಮೆ ಆಗುತ್ತಾರೆ.

ಆರಿ ವರ್ಕಿನಲ್ಲಿ ಬಟ್ಟೆಗೆ ಕತ್ತರಿ ಆಮೇಲೆ. ಮೊದಲು ಕೊರಳು, ತೋಳಿನ ಗುರುತು ಹಾಕಿ, ಇಡೀ ಪೀಸನ್ನು ಚೌಕಟ್ಟಿಗೆ ಬಿಗಿದು ವರ್ಕ್ ಮಾಡುತ್ತಾರೆ. ಒಮ್ಮೆ ಸೂಜಿ ಬಿದ್ದರೆ ಕೊರಳು ಬದಲಿಸುವ ಹಾಗಿಲ್ಲ. ಅದಕ್ಕೆ ಚೀಟಿಯಲ್ಲೇ ಬರೆ: ವರ್ಕಿಗೆ ಕೊಡುವ ಮೊದಲು ಬೇಡ ಅಂದರೆ ಅಡ್ವಾನ್ಸ್ ಪೂರ್ತಿ ವಾಪಸ್, ಕೊಟ್ಟ ಮೇಲೆ ವಾಪಸ್ ಇಲ್ಲ. ಆ ಚೀಟಿಗೇ ಬಟ್ಟೆಯ ಒಂದು ತುಣುಕು ಪಿನ್ ಮಾಡು. ಲಗ್ನದ ಗದ್ದಲದಲ್ಲಿ ಎರಡು ಹಸಿರು ಬ್ಲೌಸ್ ಅದಲುಬದಲಾದರೆ ಗೊತ್ತೇ ಆಗುವುದಿಲ್ಲ.

ತಾರೀಖನ್ನು ಲಗ್ನದಿಂದ ಹಿಂದಕ್ಕೆ ಎಣಿಸು. ಲಗ್ನ 20ಕ್ಕೆ ಇದ್ದರೆ ಡೆಲಿವರಿ 16. ಟ್ರಯಲ್ 14, ಬಿಗಿ ಸಡಿಲ ಮಾಡಲು ಒಂದು ದಿನ ಸಿಗುತ್ತದೆ. ಹೊಲಿಯುವುದು 13. ವರ್ಕ್ ಮುಗಿದು ಬರುವುದು 11, ತಡವಾದರೂ 12. ವರ್ಕಿನವನಿಗೆ ಆರು ದಿನ ಬೇಕಾದರೆ ಬಟ್ಟೆ 5ನೇ ತಾರೀಖಿಗೇ ಅವನ ಕೈಯಲ್ಲಿರಬೇಕು. 8ಕ್ಕೆ ಬಂದವರಿಗೆ ವರ್ಕ್ ಆಗುವುದಿಲ್ಲ, ರೆಡಿ ಲೇಸ್ ಹಚ್ಚಿ ಕೊಡುತ್ತೇನೆ ಅಂತ ನೇರವಾಗಿ ಹೇಳಿಬಿಡು. ಬಟ್ಟೆ ಅವನ ಹತ್ತಿರ ಇರುವಾಗಲೇ ಕಾಟನ್ ಲೈನಿಂಗ್ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಡು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಮಳೆಗಾಲದಲ್ಲಿ ಒಣಗಲು ಒಂದು ದಿನ ಜಾಸ್ತಿ ಹಿಡಿ.

ಡೈರಿಯಲ್ಲಿ ಆರ್ಡರ್ ಬಂದ ದಿನದ ಪುಟದಲ್ಲಿ ಬರೆಯಬೇಡ, ಡೆಲಿವರಿ ದಿನದ ಪುಟದಲ್ಲಿ ಬರೆ. ಆಗ 16ಕ್ಕೆ ಎಷ್ಟು ಮಂದಿಗೆ ಮಾತು ಕೊಟ್ಟಿದ್ದೀಯ ಅಂತ ಕಣ್ಣಿಗೆ ಕಾಣುತ್ತದೆ. ಮನೆಗೆಲಸದ ನಡುವೆ ಒಬ್ಬಳೇ ದಿನಕ್ಕೆ ಎರಡು ಲೈನಿಂಗ್ ಬ್ಲೌಸ್ ಹೊಲಿದರೆ ಅದೇ ಹೆಚ್ಚು. ಪುಟ ತುಂಬಿತು ಅಂದರೆ ಮುಂದಿನ ತಾರೀಖು ಹೇಳು. ಟ್ರಯಲ್‌ಗೆ ಗಿರಾಕಿ ತಪ್ಪಿಸಿದರೆ ಡೆಲಿವರಿಯೂ ಅಷ್ಟೇ ದಿನ ಮುಂದೆ ಹೋಗುತ್ತದೆ, ಅದನ್ನೂ ಚೀಟಿಯಲ್ಲಿ ಸೇರಿಸು. ಬಾಕಿ ಹಣ ಎಣಿಸಿಕೊಂಡ ಮೇಲೆಯೇ ಬ್ಲೌಸ್ ಕೊಡು, ಬೀಗರಾದರೂ ಸರಿ.

ನಿಮ್ಮ ಗದಗಿನ ವರ್ಕಿನವನು ಎಷ್ಟು ದಿನ ಹಿಡಿಯುತ್ತಾನೆ ಅಂತ ಮೊದಲು ಕೇಳಿ ಹೇಳು. ಆಮೇಲೆ ಚೀಟಿ ಹೇಗೆ ಅಚ್ಚು ಹಾಕಿಸಬೇಕು ನೋಡೋಣ.