ಪಾಪು ಟಿಫಿನ್ ಡಬ್ಬಿ ವಿಷಯ: ಶಾಲೆಗೆ ಬರೆದ ಪತ್ರದ ಮೇಲೆ ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ನಾನು: ಎಲ್ಲರಿಗೂ ನಮಸ್ಕಾರ. ಪಾಪು ಸೋಮವಾರದಿಂದ ಹೊಸ ಶಾಲೆಗೆ ಹೋಗ್ತಾಳೆ. ಕ್ಲಾಸ್ ಟೀಚರ್‌ಗೆ ಕೊಡೋಕೆ ಈ ಪತ್ರ ಬರೆದಿದ್ದೇನೆ. ಒಂದ್ಸಲ ಓದಿ, ಏನಾದ್ರೂ ಬಿಟ್ಟುಹೋಗಿದ್ರೆ ಹೇಳಿ.

"ಮಾನ್ಯ ಕ್ಲಾಸ್ ಟೀಚರ್ ಅವರಿಗೆ,

ಒಂದನೇ ತರಗತಿಗೆ ಸೇರಿರುವ ನಮ್ಮ ಮಗಳಿಗೆ ಶೇಂಗಾ ಮತ್ತು ಗೋಡಂಬಿ ಅಲರ್ಜಿ ಇದೆ. ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಸಾಮಾನ್ಯವಾಗಿ ಆಗುವುದಿಲ್ಲ, ಹಾಗಾಗಿ ಡಾಕ್ಟರ್ ಅದನ್ನೂ ಬೇಡ ಎಂದಿದ್ದಾರೆ. ಹಿಂದೆ ಒಂದು ಚಮಚದಷ್ಟು ಶೇಂಗಾ ಚಟ್ನಿ ತಿಂದು ಮೈತುಂಬಾ ದದ್ದು ಎದ್ದು, ವಾಂತಿಯಾಗಿ, ಉಸಿರಾಟಕ್ಕೆ ತೊಂದರೆಯಾಗಿತ್ತು. ಅಂಥ ಸಮಯದಲ್ಲಿ ಏನು ಮಾಡಬೇಕು ಎಂಬುದನ್ನು ಡಾಕ್ಟರ್ ಬರೆದು ಸಹಿ ಮಾಡಿದ ಹಾಳೆ ಇದರ ಜೊತೆಗಿದೆ.

ಅವಳ ಡಬ್ಬಿಗೆ ಹಾಕುವ ಪ್ಯಾಕೆಟ್ ತಿಂಡಿಯನ್ನು ನಾವು ಹೀಗೆ ನೋಡಿದ್ದೇವೆ. ಮೊದಲು ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದುತ್ತೇವೆ, ಯಾವ ಎಣ್ಣೆ ಎಂಬುದೂ ಸೇರಿ. ಆಮೇಲೆ 'ಕಂಟೈನ್ಸ್' ಎಂಬ ಸಾಲು. ಆಮೇಲೆ 'ಮೇ ಕಂಟೈನ್' ಎಂಬ ಸಾಲು. 'ಮೇ ಕಂಟೈನ್ ನಟ್ಸ್' ಎಂದಿದ್ದರೆ ಕೊಡುವುದಿಲ್ಲ. ಆ ಸಾಲೇ ಇಲ್ಲದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಬರೆದು ಕೇಳುತ್ತೇವೆ. ಲಿಖಿತ ಉತ್ತರ ಬಂದ ತಿಂಡಿಗಳು ಮಾತ್ರ ಡಬ್ಬಿಗೆ ಬರುತ್ತವೆ. ಪ್ರತಿ ಹೊಸ ಪ್ಯಾಕೆಟ್ ತಂದಾಗಲೂ ಲೇಬಲ್ ಮತ್ತೆ ಓದುತ್ತೇವೆ. ಬೇಕರಿಯಿಂದ ಬಿಡಿಯಾಗಿ ತಂದ ತಿಂಡಿ ಕಳಿಸುವುದಿಲ್ಲ.

ದಯವಿಟ್ಟು ಬೇರೆ ಮಕ್ಕಳ ಡಬ್ಬಿಯಿಂದ ಅವಳು ಏನನ್ನೂ ತಿನ್ನದಂತೆ ನೋಡಿಕೊಳ್ಳಿ. ಹುಟ್ಟುಹಬ್ಬಕ್ಕೆ ಹಂಚುವ ಚಾಕೊಲೇಟ್ ಬದಲಿಗೆ ಕೊಡಲು ನಮ್ಮದೇ ತಿಂಡಿಯ ಒಂದು ಡಬ್ಬಿ ನಿಮ್ಮ ಹತ್ತಿರ ಇಟ್ಟಿರುತ್ತೇವೆ. ಊಟವಾದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆದರೆ ಬಹಳ ಉಪಕಾರ. ಸ್ಯಾನಿಟೈಸರ್‌ನಿಂದ ಶೇಂಗಾ ಅಂಶ ಹೋಗುವುದಿಲ್ಲ."

ಹರಿಹರದ ಅತ್ತೆ: ಇಷ್ಟುದ್ದ ಯಾಕಮ್ಮ? ಮೊದಲನೇ ದಿನವೇ ಇಷ್ಟೆಲ್ಲಾ ಬರೆದು ಕೊಟ್ಟರೆ ಮಗು ಮೇಲೆ ಒಂದು ಕಣ್ಣು ಬೀಳುತ್ತೆ. ಶೇಂಗಾ ಕೊಡಬೇಡಿ ಅಂತ ಬಾಯಲ್ಲಿ ಹೇಳಿದ್ರೆ ಸಾಲದಾ? ನಾವೆಲ್ಲ ಶೇಂಗಾ ತಿಂದೇ ಬೆಳೆದೋರು.

ಅಕ್ಕ ಬೆಂಗಳೂರು: ನನಗೆ ಉದ್ದ ಆಯ್ತು ಅನ್ನಿಸಲಿಲ್ಲ, ಕಡಿಮೆ ಆಯ್ತು ಅನ್ನಿಸ್ತು. ಶಾಲೆಗೇ ಯಾರೂ ಶೇಂಗಾ ತರಬಾರದು ಅಂತ ಬರಿ. ಇಲ್ಲಿ ಕೆಲವು ಶಾಲೆಯಲ್ಲಿ ಹಾಗೆ ಮಾಡಿದ್ದಾರೆ.

ನಾನು: ಅಕ್ಕ, ಅದನ್ನು ಯೋಚಿಸಿಯೇ ಬಿಟ್ಟೆ. ದಾವಣಗೆರೆಯಲ್ಲಿ ರೊಟ್ಟಿ, ದೋಸೆ, ಚಿತ್ರಾನ್ನ, ಮಂಡಕ್ಕಿ ಯಾವುದೇ ತಗೊಂಡ್ರೂ ಶೇಂಗಾ ಇರುತ್ತೆ. ತರಬೇಡಿ ಅಂದ್ರೂ ಚಟ್ನಿಪುಡಿಯಲ್ಲಿ ಬಂದೇ ಬರುತ್ತೆ. ಆಗ ಟೀಚರ್ "ನಮ್ಮ ಕ್ಲಾಸಲ್ಲಿ ಶೇಂಗಾ ಇಲ್ಲ" ಅಂತ ನಿಶ್ಚಿಂತೆಯಾಗಿಬಿಡ್ತಾರೆ. ನನಗೆ ಅದೇ ಭಯ. ಪಕ್ಕದ ಮಗು ಶೇಂಗಾ ತಿಂದ್ರೆ ಆ ವಾಸನೆಗೆ ಇವಳಿಗೆ ಏನೂ ಆಗಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಬಾಯಿಗೆ ಹೋಗಬಾರದು, ಅಷ್ಟೇ. ಅದಕ್ಕೇ ಡಬ್ಬಿ ಹಂಚಿಕೊಳ್ಳೋದು ಮತ್ತು ಕೈ ತೊಳೆಯೋದು, ಇವೆರಡನ್ನೇ ಕೇಳಿದ್ದೇನೆ.

ಮೈದುನ: ಅತ್ತಿಗೆ, ಒಂದು ಮಾತು. 'ಮೇ ಕಂಟೈನ್' ಸಾಲು ಇಲ್ಲ ಅಂದ್ರೆ ಆ ಪ್ಯಾಕೆಟ್‌ನಲ್ಲಿ ಇಲ್ಲ ಅಂತಲೇ ಅರ್ಥ ಅಲ್ವಾ? ಇದ್ರೆ ಹಾಕಲೇಬೇಕು, ಕಾನೂನಿದೆ. ಕಂಪನಿಗೆಲ್ಲ ಮೇಲ್ ಮಾಡಿಕೊಂಡು ಸುಮ್ನೆ ತಲೆಕೆಡಿಸಿಕೊಳ್ತಿದ್ದೀರಿ.

ನಾನು: ಇಲ್ಲ ಕಣೋ, ಜಾಸ್ತಿ ಜನ ಎಡವೋದು ಇಲ್ಲೇ. ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ಎರಡು ಮಾತಿದೆ. ತಿಂಡಿಯೊಳಗೆ ಶೇಂಗಾ ಅಥವಾ ಗೋಡಂಬಿ ಹಾಕಿದ್ರೆ 'ಕಂಟೈನ್ಸ್' ಅಂತ ಬರೆಯಲೇಬೇಕು. ಆದ್ರೆ ಅದೇ ಮೆಷಿನ್‌ನಲ್ಲಿ ಬೇರೆ ತಿಂಡಿ ಮಾಡುವಾಗ ಚೂರುಪಾರು ಸೇರಿಕೊಳ್ಳುತ್ತಲ್ಲ, ಅದಕ್ಕೆ 'ಮೇ ಕಂಟೈನ್' ಅಂತ ಬರೆಯಬಹುದು ಅಂತಿದೆ. ಬರೆಯಲೇಬೇಕು ಅಂತಿಲ್ಲ. ಒಂದು ಕಂಪನಿ ಎಚ್ಚರಿಕೆಯಿಂದ ಬರೆಯುತ್ತೆ, ಇನ್ನೊಂದು ಬರೆಯಲ್ಲ. ಬರೆಯದ ಪ್ಯಾಕೆಟ್ಟೇ ನೋಡೋಕೆ ಚೆಂದ ಕಾಣುತ್ತೆ.

ಮೈದುನ: ಹಾಗಾದ್ರೆ ಕೇಳಿದ್ರೆ ಅವರು ಹೇಳ್ತಾರಾ?

ನಾನು: ಪ್ಯಾಕೆಟ್ ಹಿಂದೆ ಗ್ರಾಹಕ ಸೇವೆಯ ನಂಬರ್, ಇಮೇಲ್ ಇರುತ್ತೆ. "ನಟ್ಸ್ ಇದೆಯಾ" ಅಂತ ಕೇಳಿದ್ರೆ "ಲೇಬಲ್ ನೋಡಿ" ಅಂತಾರೆ. "ಇದೇ ಲೈನ್‌ನಲ್ಲಿ ಶೇಂಗಾ ಅಥವಾ ಗೋಡಂಬಿ ಇರುವ ಬೇರೆ ತಿಂಡಿ ಓಡುತ್ತಾ" ಅಂತ ಕೇಳಬೇಕು. ಜೊತೆಗೆ ಬ್ಯಾಚ್ ನಂಬರ್ ಹಾಕಬೇಕು. ಪಾಪುಗೆ ಇಷ್ಟವಾದ ಒಂದು ಅಕ್ಕಿ ಕ್ರಿಸ್ಪ್ಸ್ ಕಂಪನಿ ಎರಡು ದಿನದಲ್ಲೇ "ಓಡಲ್ಲ" ಅಂತ ಬರೆದು ಕಳಿಸಿತು. ಇನ್ನೊಂದು ಗ್ಲೂಕೋಸ್ ಬಿಸ್ಕತ್ತಿನವರು "ಖಚಿತವಾಗಿ ಹೇಳಕ್ಕಾಗಲ್ಲ" ಅಂದ್ರು. ಅದನ್ನು ಅವತ್ತೇ ಬಿಟ್ಟೆ.

ಇನ್ನೊಂದು ನೋಡು. ಒಂದು ಬಟರ್ ಬಿಸ್ಕತ್ತು, ಹೆಸರು ಒಂದೇ, ಬಣ್ಣವೂ ಒಂದೇ. ಹತ್ತು ರೂಪಾಯಿ ಪ್ಯಾಕೆಟ್ ಮೇಲೆ 'ಕಂಟೈನ್ಸ್ ವೀಟ್, ಮಿಲ್ಕ್, ಸೋಯಾ' ಅಂತಷ್ಟೇ ಇತ್ತು. ಹಬ್ಬಕ್ಕೆ ಬಂದ ದೊಡ್ಡ ಡಬ್ಬಿ ತಿರುಗಿಸಿದ್ರೆ ಅದೇ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ 'ಮೇ ಕಂಟೈನ್ ನಟ್ಸ್'. ಎರಡರ ಮೇಲೂ ತಯಾರಿಸಿದ ಜಾಗದ ವಿಳಾಸ ಬೇರೆ ಬೇರೆ ಇತ್ತು. ಪ್ರತಿ ಪ್ಯಾಕೆಟ್ ಮತ್ತೆ ಓದ್ತೀವಿ ಅಂತ ಪತ್ರದಲ್ಲಿ ಬರೆದಿದ್ದು ಅದಕ್ಕೇ.

ಚಳ್ಳಕೆರೆ ಮಾವ: ನಾನು ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡಿದವನು, ಹಾಗಾಗಿ ಕೇಳ್ತೀನಿ. ಎಣ್ಣೆಯನ್ನೂ ಯಾಕೆ ನೋಡಬೇಕು? ಎಣ್ಣೆಯಲ್ಲಿ ಕಾಳೇ ಇರಲ್ಲ, ಬರೀ ಜಿಡ್ಡು.

ನಾನು: ಮಾವ, ಈ ವಿಷಯ ನಿಮಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲ್ಲ. ಗಾಣದಿಂದ ಆಗಷ್ಟೇ ಬಂದ ಶೇಂಗಾ ಎಣ್ಣೆ ಹೇಗಿರುತ್ತೆ ಹೇಳಿ?

ಚಳ್ಳಕೆರೆ ಮಾವ: ಮಬ್ಬಾಗಿರುತ್ತೆ. ಎರಡು ದಿನ ಬಿಟ್ರೆ ತಳದಲ್ಲಿ ಮಡ್ಡಿ ನಿಲ್ಲುತ್ತೆ. ಘಮ ಇರುತ್ತೆ.

ನಾನು: ಆ ಮಡ್ಡಿಯಲ್ಲಿ ಕಾಳಿನ ಪ್ರೋಟೀನ್ ಇರುತ್ತೆ ಮಾವ. ಅಲರ್ಜಿ ಬರೋದು ಜಿಡ್ಡಿನಿಂದ ಅಲ್ಲ, ಪ್ರೋಟೀನ್‌ನಿಂದ. ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಅದು ಹೆಚ್ಚುಕಡಿಮೆ ಹೋಗಿರುತ್ತೆ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತೆ. ಆದ್ರೆ ನಮ್ಮ ಲೇಬಲ್ ನಿಯಮ ಇವೆರಡನ್ನೂ ಬೇರೆ ಮಾಡಿ ನೋಡಲ್ಲ. ಎಣ್ಣೆಯನ್ನು ಅಲರ್ಜಿ ಸಾಲಿನಲ್ಲಿ ಹೇಳಲೇಬೇಕು ಅಂತಿಲ್ಲ. ಅಂದ್ರೆ ಗಾಣದ ಶೇಂಗಾ ಎಣ್ಣೆಯಲ್ಲಿ ಕರಿದ ಚಕ್ಕುಲಿ ಪ್ಯಾಕೆಟ್ ಮೇಲೆ 'ಕಂಟೈನ್ಸ್ ಪೀನಟ್' ಅಂತ ಇರದೇ ಹೋಗಬಹುದು. ಪದಾರ್ಥಗಳ ಪಟ್ಟಿಯಲ್ಲಿ ಮಾತ್ರ 'ಗ್ರೌಂಡ್‌ನಟ್ ಆಯಿಲ್' ಅಂತ ಇರುತ್ತೆ. ಈಗ ಎಲ್ಲರೂ ಗಾಣದ ಎಣ್ಣೆ ಒಳ್ಳೇದು ಅಂತ ಅದಕ್ಕೇ ಹೋಗ್ತಿದ್ದಾರೆ ಬೇರೆ.

ಚಳ್ಳಕೆರೆ ಮಾವ: ಸರಿ, ಒಪ್ಪಿದೆ. ಮಡ್ಡಿ ಅಂದ ಕೂಡಲೇ ಅರ್ಥವಾಯ್ತು. ಹಬ್ಬಕ್ಕೆ ನಾನು ಕಳಿಸೋ ಎಣ್ಣೆ ಪಾಪು ಅಡುಗೆಗೆ ಹಾಕಬೇಡಿ.

ಹರಿಹರದ ಅತ್ತೆ: ಎಣ್ಣೆ ಬಿಡಿ. ಪಾಪು ನಮ್ಮನೆಗೆ ಬಂದಾಗ ಒಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ ಎಲ್ಲ ಆರಿಸಿ ತೆಗೆದು ಕೊಡ್ತೀನಿ. ಒಂದೂ ಬಿಡಲ್ಲ. ಅದಕ್ಕೂ ಬೇಡ ಅಂತೀಯಾ? ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿದ್ರೆ ಮೈಗೆ ಒಗ್ಗುತ್ತೆ ಅಂತಲೂ ಯಾರೋ ಹೇಳಿದ್ರು.

ನಾನು: ಅತ್ತೆ, ನಿಮ್ಮ ಪ್ರೀತಿ ನನಗೆ ಗೊತ್ತು. ಆದ್ರೆ ಕಾಳು ಆರಿಸಿ ತೆಗೆದ್ರೂ ಅದರ ಪುಡಿ, ಎಣ್ಣೆ ಮಂಡಕ್ಕಿಗೆ ಹತ್ತಿರುತ್ತೆ. ಅದನ್ನು ಕೊಡಲೇಬೇಡಿ. ಸ್ವಲ್ಪ ಸ್ವಲ್ಪ ಕೊಡೋ ಚಿಕಿತ್ಸೆ ಇದೆ, ನಿಜ. ಅದನ್ನು ಅಲರ್ಜಿ ಡಾಕ್ಟರ್ ಕಣ್ಣೆದುರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಶುರು ಮಾಡ್ತಾರೆ. ಮನೆಯಲ್ಲಿ ನಾವು ನಾವೇ ಮಾಡಿದ್ರೆ ಜೀವಕ್ಕೇ ಬರುತ್ತೆ.

ಹರಿಹರದ ಅತ್ತೆ: ಹಾಗಾದ್ರೆ ನಮ್ಮನೇಲಿ ಏನು ತಿನ್ನಬೇಕು ಮಗು?

ನಾನು: ಮಂಡಕ್ಕಿಯನ್ನೇ ಕೊಡಿ ಅತ್ತೆ. ಅಂಗಡಿಯದು ಬೇಡ, ಅಲ್ಲಿ ಶೇಂಗಾ, ಖಾರ, ಮಂಡಕ್ಕಿ ಎಲ್ಲಕ್ಕೂ ಒಂದೇ ಅಳತೆ ಡಬ್ಬ ಅದ್ದುತ್ತಾರೆ. ಭಟ್ಟಿಯಿಂದ ನೇರವಾಗಿ ತಂದ ಮಂಡಕ್ಕಿ, ಹೊಸ ಪ್ಯಾಕೆಟ್ ಸೂರ್ಯಕಾಂತಿ ಎಣ್ಣೆ, ಸಾಸಿವೆ, ಕರಿಬೇವು, ಈರುಳ್ಳಿ ಸಾಕು. ಮೊದಲು ಪಾಪುಗೆ ಮಾಡಿ ತೆಗೆದಿಟ್ಟು, ಆಮೇಲೆ ಉಳಿದವರಿಗೆ ಶೇಂಗಾ ಹಾಕಿ. ಚಟ್ನಿಗೆ ಮಾತ್ರ ಬೇರೆ ಮಿಕ್ಸಿ ಜಾರ್ ಬೇಕು. ನಮ್ಮನೆ ಹಳೇ ಜಾರ್ ತೊಳೆದು ಒಣಗಿಸಿದ್ದು ತಗೊಂಡು, ಬ್ಲೇಡ್ ಕೆಳಗೆ ಕಡ್ಡಿ ಹಾಕಿ ತೆಗೆದ್ರೆ ಶೇಂಗಾ ಪುಡಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಅವತ್ತಿನಿಂದ ಅವಳಿಗೆ ಬೇರೆ ಜಾರ್ ಇಟ್ಟಿದ್ದೇನೆ. ಗಿರಣಿಯಲ್ಲಿ ಬೀಸಿಸಿದ ಖಾರದಪುಡಿ, ಚಟ್ನಿಪುಡಿನೂ ಅವಳಿಗೆ ಹಾಕಲ್ಲ.

ದೊಡ್ಡಪ್ಪ: ಇಷ್ಟು ಹೊತ್ತು ಓದುತ್ತಿದ್ದೆ. ನಾನು ಶಾಲೆ ನಡೆಸಿದವನಾಗಿ ಹೇಳ್ತೀನಿ ಮಗಳೇ. ಪತ್ರದಲ್ಲಿ ಬರೆದಿದ್ದೆಲ್ಲ ಸರಿಯಿದೆ. ಆದ್ರೆ ಟೀಚರ್ ಕೈಯಲ್ಲಿ ನಲವತ್ತು ಮಕ್ಕಳಿರುತ್ತಾರೆ. ಲೇಬಲ್ ಹೇಗೆ ಓದಿದೆ ಅನ್ನೋದು ಅವರಿಗೆ ನಂಬಿಕೆ ಬರೋಕೆ ಬೇಕು, ದಿನದ ಕೆಲಸಕ್ಕೆ ಬೇಕಾಗಲ್ಲ. ಅವರು ಮಾಡಬೇಕಾದದ್ದು ಮೇಲೆ ಬರಲಿ. ತೊಂದರೆಯ ಲಕ್ಷಣವೂ ಪತ್ರದಲ್ಲೇ ಇರಲಿ, ಹಾಳೆ ಕಳೆದುಹೋದ್ರೆ ಏನು ಮಾಡ್ತಾರೆ? ಊಟದ ಹೊತ್ತಿಗೆ ಮಕ್ಕಳ ಹತ್ತಿರ ಇರೋದು ಆಯಾ. ಅವರಿಗೂ ಒಂದು ಪ್ರತಿ ಹೋಗಲಿ.

ಅಕ್ಕ ಬೆಂಗಳೂರು: ದೊಡ್ಡಪ್ಪ ಹೇಳಿದ್ದು ನಿಜ. ಹೆಸರು ಬರೆದ ಡಬ್ಬಿ ಟೀಚರ್ ಹತ್ತಿರ ಇಡೋದಂತೂ ಬಿಡಬೇಡ. ನಿಷೇಧದ ಮಾತು ನಾನು ಬಿಟ್ಟೆ.

ಹರಿಹರದ ಅತ್ತೆ: ಬಾಯಲ್ಲಿ ಹೇಳಿದ್ರೆ ಸಾಕು ಅನ್ನಿಸಿತ್ತು ನನಗೆ. ಆಯಾ ಬದಲಾದ್ರೆ ಯಾರು ಹೇಳ್ತಾರೆ ಅಂತ ಈಗ ಯೋಚನೆ ಬಂತು. ಬರೆದೇ ಕೊಡು.

ನಾನು: ಮೇಲಿನ ಭಾಗ ಬದಲಾಯಿಸಿದ್ದೇನೆ ದೊಡ್ಡಪ್ಪ, ನೋಡಿ. ಉಳಿದದ್ದು ಅದರ ಕೆಳಗೆ ಬರುತ್ತೆ.

"ನಮ್ಮ ಮಗಳಿಗೆ ಶೇಂಗಾ, ಗೋಡಂಬಿ, ಪಿಸ್ತಾ ಆಗುವುದಿಲ್ಲ. ಅವಳು ತನ್ನ ಡಬ್ಬಿಯದನ್ನು ಮಾತ್ರ ತಿನ್ನಲಿ. ಬೇರೆಯದು ತಿಂದಳು ಎಂಬ ಅನುಮಾನ ಬಂದು, ಬರೀ ಒಂದೆರಡು ದದ್ದು ಕಂಡರೆ ತಕ್ಷಣ ನಮಗೆ ಫೋನ್ ಮಾಡಿ, ಅವಳನ್ನು ಒಬ್ಬಳೇ ಬಿಡಬೇಡಿ. ಕೆಮ್ಮು, ಉಬ್ಬಸ, ದನಿ ಒಡೆಯುವುದು, ಮತ್ತೆ ಮತ್ತೆ ವಾಂತಿ, ತಲೆ ಸುತ್ತು, ಇವುಗಳಲ್ಲಿ ಒಂದಾದರೂ ಇದ್ದರೆ ನಮಗಾಗಿ ಕಾಯಬೇಡಿ. ಡಾಕ್ಟರ್ ಹಾಳೆಯಲ್ಲಿ ಬರೆದಂತೆ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಡಿಸಿ, 108ಕ್ಕೆ ಕರೆ ಮಾಡಿ. ಮಲಗಿಸಿ ಕಾಲು ಮೇಲೆತ್ತಿ ಇಡಿ, ಉಸಿರಿಗೆ ಕಷ್ಟವಾದರೆ ಕೂರಿಸಿ. ಎದ್ದು ನಡೆಯಲು ಬಿಡಬೇಡಿ. ಅಲರ್ಜಿ ಸಿರಪ್ ದದ್ದಿಗೆ ಮಾತ್ರ, ಉಸಿರಿನ ತೊಂದರೆಗೆ ಅದು ಸಾಲದು."

ದೊಡ್ಡಪ್ಪ: ಇದು ಸರಿಯಾಯ್ತು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸು. ಸೋಮವಾರ ಇಂಜೆಕ್ಷನ್ ತಗೊಂಡು ನೀನೇ ಹೋಗು, ಯಾರು ಕೊಡ್ತಾರೆ, ಎಲ್ಲಿ ಇಡ್ತಾರೆ ಅಂತ ಹೆಡ್‌ಮಿಸ್ ಎದುರಿಗೇ ಕೇಳಿಕೊಂಡು ಬಾ.

ನಾನು: ಆಗಲಿ ದೊಡ್ಡಪ್ಪ. ಮೂರು ಪ್ರತಿ ತೆಗೆಸ್ತೀನಿ: ಟೀಚರ್‌ಗೆ, ಆಯಾಗೆ, ಸ್ಕೂಲ್ ವ್ಯಾನ್ ಡ್ರೈವರ್‌ಗೆ.