ಕಣ್ಣು, ಕಿವಿ-ಮೂಗು-ಗಂಟಲಿನ ಶಾರ್ಟ್ ನೋಟ್ಸ್: ಉಪಕರಣ ಮತ್ತು ಫೈಂಡಿಂಗ್ಸ್ ಹೇಗೆ ಬರೆದುಕೊಳ್ಳೋದು?

ಪ್ರಶ್ನೆ, ಮಂಡ್ಯದಿಂದ, ಎಂಬಿಬಿಎಸ್ ಮೂರನೇ ವರ್ಷ: ಆಫ್ಥಾಲ್ಮಾಲಜಿ, ಇಎನ್‌ಟಿ ಎರಡಕ್ಕೂ ಶಾರ್ಟ್ ನೋಟ್ಸ್ ಮಾಡ್ತಿದೀನಿ. ಉಪಕರಣದ ಹೆಸರು, ಉಪಯೋಗ ಬಾಯಿಪಾಠ ಆಗಿದೆ. ಆದರೆ ವೈವಾದಲ್ಲಿ ‘ಇದರಿಂದ ಏನು ಕಂಡ್ರಿ, ಅದರ ಅರ್ಥ ಏನು’ ಅಂದ್ರೆ ನಿಂತು ಹೋಗ್ತೀನಿ. ನೋಟ್ಸ್ ಹೇಗಿರಬೇಕು ಅಂತ ಅನುಭವ ಇರೋರು ಹೇಳಿ.

ಇಎನ್‌ಟಿ ಪಿಜಿ, ಮೈಸೂರು: ಉಪಕರಣಕ್ಕೊಂದು ಪುಟ, ಫೈಂಡಿಂಗ್‌ಗೊಂದು ಪುಟ ಅಂತ ಬೇರೆ ಮಾಡಬೇಡಿ. ಒಂದೇ ಪುಟದಲ್ಲಿ ಹಿಡಿಯುವ ರೀತಿ, ಸಿಗುವ ಉತ್ತರ, ಆ ಉತ್ತರ ಯಾವಾಗ ಸುಳ್ಳಾಗುತ್ತೆ, ಮೂರೂ ಇರಲಿ. ಟ್ಯೂನಿಂಗ್ ಫೋರ್ಕ್ ಪುಟವನ್ನೇ ಮಾಡಿ ತೋರಿಸ್ತೀನಿ.

ಮೊದಲು 512 ಹರ್ಟ್ಸ್ ಫೋರ್ಕ್. ಇದಕ್ಕಿಂತ ಕೆಳಗಿನದರಲ್ಲಿ ಸದ್ದಿಗಿಂತ ಅದುರಾಟ ಹೆಚ್ಚು ಗೊತ್ತಾಗುತ್ತೆ, ಮೇಲಿನದು ಬೇಗ ನಿಂತುಹೋಗುತ್ತೆ. ಮೊಣಕೈಗೆ ಬಡಿಯಿರಿ, ಮೇಜಿನ ಅಂಚಿಗೆ ಬೇಡ. ಗಟ್ಟಿ ಜಾಗಕ್ಕೆ ಬಡಿದರೆ ಬೇರೆ ಸ್ವರಗಳೂ ಸೇರಿಕೊಳ್ತವೆ. ಬುಡವನ್ನು ಕಿವಿ ಹಿಂದಿನ ಮ್ಯಾಸ್ಟಾಯ್ಡ್ ಮೂಳೆಗೆ ಕೂದಲು ಸರಿಸಿ ಒತ್ತಿ ಹಿಡೀರಿ. ಸದ್ದು ನಿಂತ ಕೂಡಲೇ ಕಿವಿದ್ವಾರದ ಮುಂದೆ ಸುಮಾರು 2 ಸೆಂ.ಮೀ. ದೂರಕ್ಕೆ ತನ್ನಿ. ಮತ್ತೆ ಕೇಳಿಸಿದರೆ ರಿನ್ನೆ ಪಾಸಿಟಿವ್.

ಇಲ್ಲಿ ನಮ್ಮ ಕಡೆಯ ರೋಗಿಗಳ ಜೊತೆ ಒಂದು ತೊಡಕಿದೆ. ಫೋರ್ಕ್ ಮೂಳೆ ಮೇಲಿಟ್ಟು ‘ಕೇಳ್ತದಾ?’ ಅಂದ್ರೆ, ಅದುರೋದು ಗೊತ್ತಾದರೂ ‘ಹ್ಞೂಂ ಕೇಳ್ತದೆ’ ಅಂತಾರೆ. ‘ಸದ್ದು ಕೇಳ್ತದೋ, ಬರೀ ಜುಮ್ ಅಂತದೋ?’ ಅಂತ ಬಿಡಿಸಿ ಕೇಳಿ. ವೆಬರ್‌ನಲ್ಲಿ ಇನ್ನೂ ಕಷ್ಟ. ಕೆಟ್ಟ ಕಿವೀಲಿ ಜೋರಾಗಿ ಕೇಳೋದುಂಟಾ ಅಂತ ಅವರಿಗೇ ಅನುಮಾನ ಬಂದು ಒಳ್ಳೆ ಕಿವಿ ಕಡೆ ಕೈ ತೋರಿಸ್ತಾರೆ. ‘ಎಡಗಡೆಯೋ, ಬಲಗಡೆಯೋ, ನಡುಮಧ್ಯವೋ? ಎಲ್ಲಿ ಕೇಳಿದರೂ ಸರಿನೇ’ ಅಂತ ಮೊದಲೇ ಹೇಳಿಬಿಡಿ.

ಈಗ ಕೇಸ್. ಎಡಗಿವಿ ವರ್ಷಗಳಿಂದ ಸೋರುತ್ತಿದೆ, ವಾಸನೆ ಇಲ್ಲ, ಲೋಳೆಯಂಥ ಸೋರಿಕೆ. ಒರೆಸಿ ನೋಡಿದರೆ ಪಾರ್ಸ್ ಟೆನ್ಸಾದಲ್ಲಿ ತೂತು, ಸುತ್ತ ತಮಟೆಯ ಅಂಚು ಉಳಿದಿದೆ. ಎಡಕ್ಕೆ ರಿನ್ನೆ 256ರಲ್ಲಿ ನೆಗೆಟಿವ್, 512ರಲ್ಲೂ ನೆಗೆಟಿವ್, 1024ರಲ್ಲಿ ಪಾಸಿಟಿವ್. ವೆಬರ್ ಎಡಕ್ಕೆ. ಎಬಿಸಿ ಕಡಿಮೆಯಾಗಿಲ್ಲ. ಈ ಮೂರು ಫೋರ್ಕ್ ನೆಗೆಟಿವ್ ಆಗಲು ಏರ್-ಬೋನ್ ಗ್ಯಾಪ್ ಕನಿಷ್ಠ 15, 30, 45 ಡೆಸಿಬಲ್ ಬೇಕು. ಹಾಗಾಗಿ ಇವರ ಗ್ಯಾಪ್ ಸುಮಾರು 30ರಿಂದ 45ರ ನಡುವೆ. ನೋಟ್ಸ್‌ನಲ್ಲಿ ‘ರಿನ್ನೆ ನೆಗೆಟಿವ್’ ಅಂತಷ್ಟೇ ಇದ್ದರೆ ಈ ಅಂದಾಜು ಕೈಗೆ ಸಿಗಲ್ಲ.

ಮಂಡ್ಯ, ಇಂಟರ್ನ್: ಇಷ್ಟೆಲ್ಲ ಬೇಕಾ? ರಿನ್ನೆ ನೆಗೆಟಿವ್ ಅಂದ್ರೆ ಕಂಡಕ್ಟಿವ್, ಪಾಸಿಟಿವ್ ಅಂದ್ರೆ ನಾರ್ಮಲ್ ಅಥವಾ ನರದ ಕಿವುಡು. ಒಂದು ಸಾಲು ಸಾಕು. ಗ್ಯಾಪ್ ಎಷ್ಟು ಅಂತ ಆಡಿಯೋಗ್ರಾಂ ಹೇಳುತ್ತೆ.

ಇಎನ್‌ಟಿ ಪಿಜಿ, ಮೈಸೂರು: ಎರಡನೇ ಅರ್ಧ ಸರಿ, ಮೊದಲರ್ಧದಲ್ಲಿ ಅಪಾಯ ಇದೆ. ಎಡಗಿವಿ ಪೂರ್ತಿ ನರದ ಕಿವುಡು ಅಂದುಕೊಳ್ಳಿ. ಎಡ ಮ್ಯಾಸ್ಟಾಯ್ಡ್ ಮೇಲಿಟ್ಟ ಸದ್ದು ತಲೆಬುರುಡೆ ದಾಟಿ ಬಲಗಿವಿಗೆ ಹೋಗುತ್ತೆ, ರೋಗಿ ‘ಕೇಳ್ತು’ ಅಂತಾನೆ. ಮುಂದೆ ಹಿಡಿದರೆ ಕೇಳಿಸಲ್ಲ. ನೀವು ನೆಗೆಟಿವ್ ಅಂತ ಬರೀತೀರಿ. ಇದನ್ನು ಹಿಡಿದುಕೊಡೋದು ವೆಬರ್: ಕಂಡಕ್ಟಿವ್ ಆಗಿದ್ದರೆ ಕೆಟ್ಟ ಕಡೆಗೆ ಹೋಗಬೇಕಿತ್ತು, ಇಲ್ಲಿ ಒಳ್ಳೆ ಕಡೆಗೆ ಹೋಗುತ್ತೆ. ಖಾತ್ರಿ ಮಾಡಿಕೊಳ್ಳಲು ಬಲಗಿವಿಗೆ ಬಾರನಿ ಬಾಕ್ಸ್ ಇಟ್ಟು ಸದ್ದು ಮಾಡಿ ಮತ್ತೆ ರಿನ್ನೆ ನೋಡಬೇಕು. ಅದಕ್ಕೇ ಬಾರನಿ ಬಾಕ್ಸ್ ಫೋರ್ಕ್ ಪುಟದಲ್ಲೇ ಇರಲಿ, ಬೇರೆ ಕಡೆ ಬರೆದರೆ ಯಾಕೆ ಬೇಕು ಅನ್ನೋದೇ ಮರೆತುಹೋಗುತ್ತೆ.

ಆಡಿಯಾಲಜಿ ಓದುತ್ತಿರುವವಳು, ಮಾನಸಗಂಗೋತ್ರಿ: ಮೇಲಿನ ಕೇಸಿಗೆ ಒಂದು ಸೇರಿಸ್ತೀನಿ. ಗ್ಯಾಪ್ 30-45 ಅಂದ ಮಾತ್ರಕ್ಕೆ ಕಿವಿಯ ಪುಟ್ಟ ಮೂಳೆಗಳ ಸರಪಳಿ ಚೆನ್ನಾಗಿದೆ ಅಂತ ಬರೆಯಬೇಡಿ. ತಮಟೆ ತೂತಾಗಿದ್ದು ಸರಪಳಿಯೂ ಕಡಿದಿದ್ದರೆ ನಷ್ಟ ಸುಮಾರು 38 ಡೆಸಿಬಲ್, ತಮಟೆ ಇಡಿಯಾಗಿದ್ದು ಸರಪಳಿ ಮಾತ್ರ ಕಡಿದಿದ್ದರೆ ಸುಮಾರು 54. ತೂತಿದ್ದಾಗ ನಷ್ಟ ಕಡಿಮೆ, ಯಾಕಂದ್ರೆ ಸದ್ದು ನೇರ ಒಳಕ್ಕೆ ಹೋಗೋ ದಾರಿ ಇರುತ್ತೆ. ತೂತಿನ ಹಿಂದೆ ಸರಪಳಿ ಸರಿಯಿದೆಯೋ ಕಡಿದಿದೆಯೋ ಅಂತ ಫೋರ್ಕ್ ಬಿಡಿಸಲಾರದು. ಪ್ಯಾಚ್ ಟೆಸ್ಟ್ ಬೇಕು: ತೂತು ಮುಚ್ಚಿ ಮತ್ತೆ ಆಡಿಯೋಗ್ರಾಂ ಮಾಡಿ, ಕೇಳುವಿಕೆ ಸುಧಾರಿಸಿದರೆ ಸರಪಳಿ ಸರಿಯಿದೆ, ಸುಧಾರಿಸದಿದ್ದರೆ ಅನುಮಾನ.

ಕಣ್ಣಿನ ವೈದ್ಯರು, ಮೈಸೂರು: ಕಣ್ಣಿಗೂ ಇದೇ ಕ್ರಮ. ಶಿಯೋಟ್ಜ್ ಟೋನೋಮೀಟರ್ ತಗೊಳ್ಳಿ. ಮಕ್ಕಳು ತಪ್ಪುವುದು ಒಂದೇ ಕಡೆ: ಸ್ಕೇಲ್ ಓದನ್ನೇ ಒತ್ತಡ ಅಂದುಕೊಳ್ತಾರೆ. ಪ್ಲಂಜರ್ ಕಾರ್ನಿಯಾ ಒಳಗೆ ಎಷ್ಟು ತಗ್ಗು ಮಾಡಿತು ಅನ್ನೋದನ್ನು ಸೂಜಿ ತೋರಿಸುತ್ತೆ. ಮೆತ್ತಗಿನ ಕಣ್ಣಲ್ಲಿ ಹೆಚ್ಚು ತಗ್ಗು, ಓದು ದೊಡ್ಡದು, ಒತ್ತಡ ಕಡಿಮೆ. 5.5 ಗ್ರಾಂ ತೂಕದಲ್ಲಿ ಓದು 5 ಬಂದರೆ 17.3 ಮಿ.ಮೀ., 3 ಬಂದರೆ 24.4. ಮೂರಕ್ಕಿಂತ ಕೆಳಗಿದ್ದರೆ 7.5 ಗ್ರಾಂ, ಬೇಕಾದರೆ 10 ಗ್ರಾಂ ಹಾಕಿ ಮತ್ತೆ ನೋಡಬೇಕು.

ಮೊದಲು ಟೆಸ್ಟ್ ಬ್ಲಾಕ್ ಮೇಲಿಟ್ಟು ಸೂಜಿ ಸೊನ್ನೆಗೆ ಬಂತಾ ನೋಡಿ. ಬರಲಿಲ್ಲ ಅಂದ್ರೆ ಒಣಗಿದ ಕಣ್ಣೀರು ಪ್ಲಂಜರ್ ಹಿಡಿದಿರುತ್ತೆ. ಸ್ಪಿರಿಟ್‌ನಲ್ಲಿ ಒರೆಸಿದರೆ ಪೂರ್ತಿ ಆರಲು ಬಿಡಿ, ಹಸಿ ಇದ್ದರೆ ಎಪಿಥೀಲಿಯಂ ಸುಡುತ್ತೆ. ರೋಗಿಯನ್ನು ಮಲಗಿಸಿ 4% ಲಿಗ್ನೊಕೇನ್ ಹನಿ ಹಾಕಿ ಚಾವಣಿ ನೋಡಲು ಹೇಳಿ. ರೆಪ್ಪೆ ಬಿಡಿಸುವ ಬೆರಳು ಕಣ್ಣಿನ ಸುತ್ತಲ ಮೂಳೆಯ ಮೇಲಿರಲಿ. ಗುಡ್ಡೆ ಮೇಲೆ ಬಿದ್ದರೆ ನೀವೇ ಒತ್ತಡ ಏರಿಸಿದ ಹಾಗೆ. ಹೆಚ್ಚು ಮಯೋಪಿಯಾ ಇರುವವರಲ್ಲಿ ಗೋಡೆ ಸಡಿಲ, ನಿಜಕ್ಕಿಂತ ಕಡಿಮೆ ತೋರಿಸುತ್ತೆ. ಕಾರ್ನಿಯಾ ಅಲ್ಸರ್ ಇದ್ದರೆ ಮುಟ್ಟಲೇಬಾರದು.

ಶ್ರೀರಂಗಪಟ್ಟಣದಿಂದ ಒಬ್ಬರು: ನಾನು ವಿದ್ಯಾರ್ಥಿ ಅಲ್ಲ. ನಮ್ಮಮ್ಮನಿಗೆ ಗಾಳಿ ಊದುವ ಮಷೀನಲ್ಲಿ 24 ಬಂದಿದೆ. ನೀವು 24.4 ಅಂತ ಬರೆದದ್ದು ನೋಡಿ ಭಯ ಆಯ್ತು. ಗ್ಲಾಕೋಮಾನಾ ಸರ್?

ಕಣ್ಣಿನ ವೈದ್ಯರು, ಮೈಸೂರು: ಅಮ್ಮ ತೋರಿಸಿಕೊಂಡದ್ದು ಬೇರೆ ಉಪಕರಣ. 24 ಅಂದ ಮಾತ್ರಕ್ಕೆ ಗ್ಲಾಕೋಮಾ ಅನ್ನೋಕಾಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಕಾರ್ನಿಯಾ ದಪ್ಪ ಇದ್ದರೆ ಸಂಖ್ಯೆ ಹೆಚ್ಚು ಬರುತ್ತೆ. ಅಪ್ಲನೇಷನ್‌ನಲ್ಲಿ ಮತ್ತೆ ಅಳೆಸಿ, ಕಾರ್ನಿಯಾ ದಪ್ಪ, ಕಣ್ಣಿನ ನರ, ಫೀಲ್ಡ್ ಮೂರನ್ನೂ ನೋಡಿಸಿ. ಹೆಚ್ಚು ತಡ ಮಾಡಬೇಡಿ. ಕಣ್ಣು ಕೆಂಪಾಗಿ ನೋವು, ವಾಂತಿ ಬಂದರೆ ಅವತ್ತೇ ಕರೆದುಕೊಂಡು ಹೋಗಿ.

ಥಿಯೇಟರ್ ಸ್ಟಾಫ್ ನರ್ಸ್, ಮೈಸೂರು: ಟೇಬಲ್ ಮೇಲೆ ಹೆಚ್ಚು ಗೊಂದಲ ಆಗೋ ಜೋಡಿ ಚಲೇಜಿಯನ್ ಕ್ಲಾಂಪ್, ಎಂಟ್ರೋಪಿಯನ್ ಕ್ಲಾಂಪ್. ಎರಡರಲ್ಲೂ ಒಂದು ಕಡೆ ತಟ್ಟೆ, ಇನ್ನೊಂದು ಕಡೆ ಚೌಕಟ್ಟು. ಚಲೇಜಿಯನ್ನಿನದು ಉಂಗುರ, ಅದು ಕಂಜಂಕ್ಟೈವಾ ಕಡೆ, ಯಾಕಂದ್ರೆ ಕೊಯ್ಯೋದು ಒಳಗಿಂದ. ತಟ್ಟೆ ಚರ್ಮದ ಕಡೆ. ಎಂಟ್ರೋಪಿಯನ್‌ನಲ್ಲಿ ಉಲ್ಟಾ: ಡಿ ಆಕಾರದ ತಟ್ಟೆ ರೆಪ್ಪೆ ಒಳಗೆ ಗುಡ್ಡೆಯನ್ನು ಕಾಯುತ್ತೆ, ಕೊಯ್ಯೋದು ಚರ್ಮದ ಕಡೆಯಿಂದ. ತಟ್ಟೆ ಯಾವ ಕಡೆ ಅಂತ ಬಾಣ ಹಾಕಿ ಚಿತ್ರ ಬರೆದುಕೊಳ್ಳಿ, ಆಮೇಲೆ ಹೆಸರು.

ಪ್ರಶ್ನೆ ಕೇಳಿದವಳು: ಸರ್, ಅಕ್ಕ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಅನುಮಾನ. ವಾರ್ಡ್‌ನಲ್ಲಿ ಶಿಯೋಟ್ಜ್ ಯಾರೂ ಬಳಸೋದು ಕಾಣಲ್ಲ. ಅದಕ್ಕೆ ಪೂರ್ತಿ ಪುಟ ಕೊಡಬೇಕಾ?

ಮಂಡ್ಯ, ಇಂಟರ್ನ್: ಬೇಡ. ಗೋಲ್ಡ್‌ಮನ್ ಅಪ್ಲನೇಷನ್ ಚೆನ್ನಾಗಿ ಬರೆದುಕೋ ಸಾಕು.

ಕಣ್ಣಿನ ವೈದ್ಯರು, ಮೈಸೂರು: ನಾನು ಒಪ್ಪಲ್ಲ. ಗೋಲ್ಡ್‌ಮನ್‌ಗೆ ಸ್ಲಿಟ್ ಲ್ಯಾಂಪ್ ಬೇಕು, ಅಂದ್ರೆ ರೋಗಿ ಎದ್ದು ಕೂರಬೇಕು. ಹಾಸಿಗೆಯಲ್ಲಿ ಮಲಗಿದವರ ಕಣ್ಣಿನ ಒತ್ತಡವನ್ನು, ಬೇರೆ ಕೈ ಉಪಕರಣ ಇಲ್ಲದ ಕಡೆ, ಯಾವುದರಿಂದ ಅಳೀತೀರಿ?