ಕೋಷ್ಟಕದ ಕೆಳಗೆ ಏನು ಬರೆಯಬೇಕು?

ಮಡಿಕೇರಿಯ ವಿದ್ಯಾರ್ಥಿ: ಬಿ.ಎ. ಅಂತಿಮ ವರ್ಷದಲ್ಲಿದ್ದೇನೆ. ಕೊಡಗಿನ ಜನಸಂಖ್ಯೆ ಕುರಿತ ವರದಿಯಲ್ಲಿ ಎಲ್ಲ ಕೋಷ್ಟಕಗಳ ಕೆಳಗೂ ‘ಮೂಲ: ಜನಗಣತಿ 2011’ ಎಂದು ಬರೆದಿದ್ದೆ. ಮಾರ್ಗದರ್ಶಕರು ‘ಸಾಲದು’ ಎಂದು ಕೆಂಪು ಗೆರೆ ಎಳೆದಿದ್ದಾರೆ. ನಾನೇ ಬಿಡಿಸಿದ ಗ್ರಾಫಿಗೂ ಮೂಲ ಬರೆಯಬೇಕೆ?

ವಿರಾಜಪೇಟೆಯ ನಿವೃತ್ತ ಉಪನ್ಯಾಸಕಿ: ಗ್ರಾಫಿಗೂ ಬರೆಯಲೇಬೇಕು ಮಗು. ಗೆರೆ ನಿನ್ನದು, ಅಂಕಿ ನಿನ್ನದಲ್ಲ. ‘ಜನಗಣತಿ 2011’ ಏಕೆ ಸಾಲದು ಎಂಬುದಕ್ಕೆ ನಮ್ಮ ಜಿಲ್ಲೆಯೇ ಉದಾಹರಣೆ. 2011ರಲ್ಲಿ ಮೊದಲು ಬಂದ ತಾತ್ಕಾಲಿಕ ಅಂಕಿಯಲ್ಲಿ ಕೊಡಗಿನ ಜನಸಂಖ್ಯೆ 5,54,762. ಆಮೇಲೆ ಬಂದ ಅಂತಿಮ ಅಂಕಿ 5,54,519. ಎರಡೂ ಜನಗಣತಿ 2011ರವೇ, ಅಂತರ್ಜಾಲದಲ್ಲಿ ಇಂದಿಗೂ ಎರಡೂ ಸಿಗುತ್ತವೆ. 2001ರ 5,48,561ಕ್ಕೆ ಹೋಲಿಸಿದರೆ ಬೆಳವಣಿಗೆ ಮೊದಲನೆಯದರಲ್ಲಿ ಶೇ 1.13, ಎರಡನೆಯದರಲ್ಲಿ ಶೇ 1.09. ಯಾವ ಪ್ರಕಟಣೆ ಎಂದು ಹೇಳದಿದ್ದರೆ ಓದುವವರು ನಿನ್ನ ಲೆಕ್ಕವನ್ನೇ ತಪ್ಪೆನ್ನುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ: ‘ಮೂಲ: ಭಾರತದ ಜನಗಣತಿ 2001 ಮತ್ತು 2011, ಅಂತಿಮ ಅಂಕಿಗಳು, ಕೊಡಗು ಜಿಲ್ಲೆ. ಶೇಕಡಾವಾರು ಬೆಳವಣಿಗೆ ವರದಿಗಾರರ ಲೆಕ್ಕ.’ ಜೊತೆಗೆ ಪ್ರಕಟಣೆಯ ಹೆಸರು, ಕೋಷ್ಟಕ ಸಂಖ್ಯೆ, ನೋಡಿದ ದಿನಾಂಕ ಇರಲಿ. ಆ ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡ. ನೀನು ಭಾಗಿಸಿದ್ದನ್ನು ಸರ್ಕಾರದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕುಶಾಲನಗರದ ಓದುಗ: ಸರ್ಕಾರದ ಅಂಕಿಗೆ ಹಕ್ಕುಸ್ವಾಮ್ಯವಿಲ್ಲ, ಸಾರ್ವಜನಿಕ ಸ್ವತ್ತು. ಮೂಲ ಹಾಕದಿದ್ದರೂ ತಪ್ಪಾಗದು.

ಉಪನ್ಯಾಸಕಿ: ಬರಿಯ ಅಂಕಿಯ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಸರ್ಕಾರಿ ಪ್ರಕಟಣೆಗೂ ಹಕ್ಕುಸ್ವಾಮ್ಯ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಕೇಳುತ್ತಿರುವುದು ಅನುಮತಿಯನ್ನಲ್ಲ. ಓದುವವರು ಅದೇ ಕೋಷ್ಟಕ ತೆರೆದು ಪರೀಕ್ಷಿಸಲು ದಾರಿ ಬೇಕು. ಹಾಗೆಯೇ ಪುಸ್ತಕದ ಗ್ರಾಫನ್ನು ಯಥಾವತ್ತಾಗಿ ತೆಗೆದುಕೊಂಡರೆ ಪುಟ ಸಂಖ್ಯೆಯೂ ಬೇಕು. ಕೆಲವು ಸಾಲು ಕಳಚಿ ಬಳಸಿದರೆ ‘ಆಧರಿಸಿದ್ದು’ ಎನ್ನಬೇಕು.

ಸಿದ್ದಾಪುರದ ಬೆಳೆಗಾರ: ನನಗೂ ಇದೇ ಪಾಡು. ಮಗಳ ಯೋಜನೆಗೆಂದು ಕಾಫಿ ಮಂಡಳಿಯ ಇಳುವರಿ ಅಂಕಿ ತೆಗೆದುಕೊಟ್ಟೆ. ಒಂದೇ ಹಂಗಾಮಿಗೆ ಹೂವಿನ ನಂತರದ ಅಂದಾಜು ಬೇರೆ, ಮುಂಗಾರಿನ ನಂತರದ್ದು ಬೇರೆ, ಅಂತಿಮ ಬೇರೆ. ನನ್ನ ತೋಟದಲ್ಲಿಯೂ ಹೂ ನೋಡಿ ಹಾಕಿದ ಲೆಕ್ಕ ಮಳೆಯಾದ ಮೇಲೆ ಉಳಿಯುವುದಿಲ್ಲ. ಯಾವ ಅಂದಾಜೆಂದು ಬರೆಯದೆ ಅವಳ ಗ್ರಾಫಿನಲ್ಲಿ ಒಂದು ವರ್ಷ ವೃಥಾ ಏರಿಕೆ ಕಂಡಿತು.

ವಿದ್ಯಾರ್ಥಿ: ಮೇಡಂ, ಈಗಷ್ಟೇ ನೋಡಿದೆ. ನನ್ನ ಎರಡನೇ ಕೋಷ್ಟಕದಲ್ಲಿ 5,54,762 ಇದೆ, ಗ್ರಾಫಿನಲ್ಲಿ 5,54,519. ಕೋಷ್ಟಕವನ್ನೂ ಅಂತಿಮ ಅಂಕಿಗೆ ತಿದ್ದುತ್ತೇನೆ. ಆದರೆ 2011ರಲ್ಲಿ ತಾಲ್ಲೂಕು ಮೂರೇ ಇದ್ದವು. ನನ್ನ ಗ್ರಾಫಿನಲ್ಲಿ ಪೊನ್ನಂಪೇಟೆ, ಕುಶಾಲನಗರ ಸೇರಿ ಐದು ಇವೆ. ಹಳ್ಳಿಗಳ ಅಂಕಿ ಕೂಡಿಸಿ ನಾನೇ ಬೇರ್ಪಡಿಸಿದ್ದೇನೆ.

ಉಪನ್ಯಾಸಕಿ: ಹಾಗಾದರೆ ಯಾವ ಹಳ್ಳಿಯನ್ನು ಎಲ್ಲಿಗೆ ಸೇರಿಸಿದೆ ಎಂಬುದೂ ಅಡಿಯಲ್ಲಿ ಬರಬೇಕು. ಅಷ್ಟು ಉದ್ದದ ಪಟ್ಟಿ ಗ್ರಾಫಿನ ಕೆಳಗೆ ಇರಬೇಕೋ ಅನುಬಂಧದಲ್ಲೋ, ನಿನ್ನ ಮಾರ್ಗದರ್ಶಕರನ್ನೇ ಕೇಳು. ನಾನು ಅನುಬಂಧ ಎನ್ನುತ್ತೇನೆ, ಒಪ್ಪದವರೂ ಇದ್ದಾರೆ.